ಸೆಲ್ಫ್ ಡ್ರೈವ್ ಕಾರು ಬಾಡಿಗೆ: ಬೇರೆ ಬೇರೆ ದರಗಳನ್ನು ಒಂದೇ ಲೆಕ್ಕಕ್ಕೆ ತರುವ ಬಗೆ

ಸೆಲ್ಫ್ ಡ್ರೈವ್ ಕಾರು ಹುಡುಕುವಾಗ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಮೊತ್ತ ನೀವು ಕೊನೆಗೆ ಕೊಡುವ ಹಣದ ಒಂದು ಭಾಗ ಮಾತ್ರ. ಅದೇ ಮಾದರಿಯ ಕಾರು, ಅದೇ ಮೂರು ದಿನ. ಆದರೆ ಒಂದು ಕಡೆ 5,400 ರೂಪಾಯಿ, ಇನ್ನೊಂದು ಕಡೆ 8,400, ಮತ್ತೊಂದು ಕಡೆ 11,400. ಈ ಮೂರನ್ನೂ ಹೀಗೇ ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಒಂದೊಂದರಲ್ಲೂ ಸೇರಿರುವ ಕಿಲೋಮೀಟರ್ ಬೇರೆ. ಮೊದಲು ನಿಮ್ಮ ಪ್ರಯಾಣವನ್ನು ಅಂಕಿಗೆ ಇಳಿಸಿ, ಆಮೇಲೆ ಪ್ರತಿ ದರವನ್ನೂ ಆ ಪ್ರಯಾಣದ ಮೇಲೆ ಓಡಿಸಿ ನೋಡಬೇಕು.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಇದರಲ್ಲಿ ಬರುವ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದುಕೊಂಡವು. ನಿಮ್ಮ ಕೈಯಲ್ಲಿರುವ ದರಗಳನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಿ.

ಹಂತ 1: ಎಷ್ಟು ಓಡುತ್ತೀರಿ ಎಂದು ಮೊದಲು ಬರೆದುಕೊಳ್ಳಿ

ನಕ್ಷೆಯಲ್ಲಿ ಹೋಗುವ ದೂರ 350 ಕಿ.ಮೀ., ಬರುವ ದೂರ 350, ಅಲ್ಲಿ ಸುತ್ತಾಡಲು 100. ಒಟ್ಟು 800. ಈ 800ನ್ನೇ ನಂಬಿ ಬುಕ್ ಮಾಡಬೇಡಿ. ದಾರಿ ತಪ್ಪಿ ತಿರುಗುವುದು, ಊಟಕ್ಕೆ ಹೆದ್ದಾರಿಯಿಂದ ಒಳಗೆ ಹೋಗುವುದು, ಪಾರ್ಕಿಂಗ್ ಹುಡುಕುವುದು ಇವೆಲ್ಲ ನಕ್ಷೆಯಲ್ಲಿ ಇರುವುದಿಲ್ಲ. ನೂರಕ್ಕೆ ಹತ್ತರಷ್ಟು ಸೇರಿಸಿ 880 ಕಿ.ಮೀ. ಎಂದು ಹಿಡಿಯಿರಿ. ಕಾರನ್ನು ಮನೆ ಬಾಗಿಲಿಗೆ ತಂದುಕೊಡುವ ಸೌಲಭ್ಯ ಇದ್ದರೆ, ಅವರ ಜಾಗದಿಂದ ನಿಮ್ಮ ಮನೆಯವರೆಗಿನ ಓಟ ಯಾರ ಲೆಕ್ಕಕ್ಕೆ ಎಂದು ಆಗಲೇ ಕೇಳಿ. ಓಡೋಮೀಟರ್ ಫೋಟೊವನ್ನು ಅವರ ಜಾಗದಲ್ಲೇ ತೆಗೆದಿದ್ದರೆ ಆ ದೂರವೂ ನಿಮ್ಮ ಮಿತಿಯಿಂದಲೇ ಹೋಗುತ್ತದೆ.

ದೂರದ ಜೊತೆಗೆ ದಿನವಾರು ಹಂಚಿಕೆಯನ್ನೂ ಬರೆದುಕೊಳ್ಳಿ: ಮೊದಲ ದಿನ 380, ಎರಡನೆಯ ದಿನ 120, ಮೂರನೆಯ ದಿನ 380. ಇದು ಯಾಕೆ ಬೇಕು ಎಂಬುದು ಮುಂದೆ ಗೊತ್ತಾಗುತ್ತದೆ.

ಹಂತ 2: ಕಿಲೋಮೀಟರ್ ಮಿತಿಯನ್ನು ರೂಪಾಯಿಗೆ ಇಳಿಸಿ

ಮೂರು ದರಗಳು ಹೀಗಿವೆ ಎಂದುಕೊಳ್ಳಿ. ಮೂರರಲ್ಲೂ ಪೆಟ್ರೋಲ್ ನಿಮ್ಮದೇ.

- ಮೊದಲನೆಯದು: 5,400 ರೂ., 300 ಕಿ.ಮೀ. ಸೇರಿದೆ, ಮೀರಿದರೆ ಕಿ.ಮೀ.ಗೆ 12 ರೂ.
- ಎರಡನೆಯದು: 8,400 ರೂ., 720 ಕಿ.ಮೀ. ಸೇರಿದೆ, ಮೀರಿದರೆ ಕಿ.ಮೀ.ಗೆ 12 ರೂ.
- ಮೂರನೆಯದು: 11,400 ರೂ., ಮಿತಿಯೇ ಇಲ್ಲ.

880 ಕಿ.ಮೀ. ಓಡಿದರೆ ಮೊದಲನೆಯದರಲ್ಲಿ 580 ಕಿ.ಮೀ. ಹೆಚ್ಚಾಗುತ್ತದೆ. ಅದಕ್ಕೆ 6,960 ರೂಪಾಯಿ, ಒಟ್ಟು 12,360. ಎರಡನೆಯದರಲ್ಲಿ 160 ಕಿ.ಮೀ. ಹೆಚ್ಚು, ಅದಕ್ಕೆ 1,920, ಒಟ್ಟು 10,320. ಮೂರನೆಯದು 11,400ರಲ್ಲೇ ನಿಲ್ಲುತ್ತದೆ. ನೋಡಲು ಎಲ್ಲಕ್ಕಿಂತ ಅಗ್ಗವಾಗಿದ್ದದ್ದೇ ಎಲ್ಲಕ್ಕಿಂತ ದುಬಾರಿ ಆಯಿತು.

ಆದರೆ ಒಂದು ದೂರಕ್ಕೆ ಮಾತ್ರ ಲೆಕ್ಕ ಹಾಕಿ ನಿಲ್ಲಿಸಬೇಡಿ. ಪ್ರಯಾಣದ ಮಧ್ಯೆ ಯೋಜನೆ ಬದಲಾಗುವುದು ಸಾಮಾನ್ಯ. ಎರಡು ದರಗಳು ಯಾವ ದೂರದಲ್ಲಿ ಸಮ ಆಗುತ್ತವೆ ಎಂದು ಕಂಡುಕೊಂಡರೆ ನಿರ್ಧಾರ ಗಟ್ಟಿಯಾಗುತ್ತದೆ. ಬಾಡಿಗೆಗಳ ವ್ಯತ್ಯಾಸವನ್ನು ಹೆಚ್ಚುವರಿ ಕಿ.ಮೀ. ದರದಿಂದ ಭಾಗಿಸಿ, ಬಂದ ಉತ್ತರವನ್ನು ಚಿಕ್ಕ ಮಿತಿಗೆ ಕೂಡಿಸಿ. ಮೊದಲನೆಯದು ಮತ್ತು ಎರಡನೆಯದರ ನಡುವೆ ವ್ಯತ್ಯಾಸ 3,000 ರೂಪಾಯಿ. ಅದನ್ನು 12ರಿಂದ ಭಾಗಿಸಿದರೆ 250. 300ಕ್ಕೆ 250 ಕೂಡಿಸಿದರೆ 550 ಕಿ.ಮೀ. ಎರಡನೆಯದು ಮತ್ತು ಮೂರನೆಯದರ ನಡುವೆಯೂ ವ್ಯತ್ಯಾಸ 3,000. ಹಾಗಾಗಿ 720ಕ್ಕೆ 250 ಕೂಡಿಸಿದರೆ 970 ಕಿ.ಮೀ. ಅಂದರೆ 550ರ ಒಳಗೆ ಓಡುವವರಿಗೆ ಮೊದಲನೆಯದು, 550ರಿಂದ 970ರವರೆಗೆ ಎರಡನೆಯದು, ಅದನ್ನೂ ದಾಟುವವರಿಗೆ ಮಿತಿಯಿಲ್ಲದ್ದು. ನಮ್ಮ 880 ಎರಡನೆಯದರ ವ್ಯಾಪ್ತಿಯಲ್ಲೇ ಇದೆ, ಇನ್ನೂ 90 ಕಿ.ಮೀ. ಹೆಚ್ಚು ಸುತ್ತಿದರೂ ಆಯ್ಕೆ ತಪ್ಪಾಗುವುದಿಲ್ಲ. ಈ ಸಮದೂರಕ್ಕಿಂತ ದೊಡ್ಡ ಮಿತಿಯೇ ಚಿಕ್ಕದಾಗಿದ್ದರೆ, ಅಂದರೆ ಆ ಮಿತಿಯೂ ಮೊದಲೇ ಮೀರುತ್ತಿದ್ದರೆ, ಈ ಸೂತ್ರ ನಡೆಯುವುದಿಲ್ಲ. ಆಗ ಎರಡನ್ನೂ ಪೂರ್ತಿಯಾಗಿ ಲೆಕ್ಕ ಹಾಕಿ.

ಈಗ ದಿನವಾರು ಹಂಚಿಕೆಯ ವಿಷಯ. ಎರಡನೆಯ ದರದ 720 ಕಿ.ಮೀ. ಎಂಬುದು ಮೂರು ದಿನಕ್ಕೆ ಒಟ್ಟಾಗಿಯೋ ಅಥವಾ ದಿನಕ್ಕೆ 240ರಂತೆಯೋ? ಒಟ್ಟಾಗಿ ಎಂದಾದರೆ ಹೆಚ್ಚುವರಿ 160 ಕಿ.ಮೀ. ದಿನದ ಲೆಕ್ಕವಾದರೆ ಮೊದಲ ದಿನ 140, ಮೂರನೆಯ ದಿನ 140, ಒಟ್ಟು 280. ಎರಡನೆಯ ದಿನ ಓಡಿಸದೆ ಉಳಿದ 120 ಕಿ.ಮೀ. ಹಾಗೇ ಹಾಳಾಗುತ್ತದೆ. ಇದೊಂದರಿಂದಲೇ 1,440 ರೂಪಾಯಿ ಹೆಚ್ಚು, ಒಟ್ಟು 11,760. ಆಗ ಮಿತಿಯಿಲ್ಲದ ಕಾರೇ ಅಗ್ಗ! ಹೋಗಿ, ಒಂದು ದಿನ ನಿಂತು, ವಾಪಸ್ ಬರುವ ಪ್ರಯಾಣಗಳಿಗೆಲ್ಲ ಈ ಪೆಟ್ಟು ಬೀಳುತ್ತದೆ. ಆದ್ದರಿಂದ ಮಿತಿ ಇಡೀ ಬುಕಿಂಗಿಗೋ ದಿನಕ್ಕೋ ಎಂಬುದನ್ನು ಬರಹದಲ್ಲೇ ಪಡೆಯಿರಿ. ಪ್ರಯಾಣವನ್ನು ಮಧ್ಯದಲ್ಲಿ ಒಂದು ದಿನ ಮುಂದುವರಿಸಿದರೆ ಆ ದಿನಕ್ಕೆ ಹೊಸ ಕಿಲೋಮೀಟರ್ ಸಿಗುತ್ತದೆಯೇ ಎಂದೂ ಕೇಳಿಕೊಳ್ಳಿ. ಕೆಲವರು ಸಮಯ ಮಾತ್ರ ಕೊಡುತ್ತಾರೆ, ಕಿಲೋಮೀಟರ್ ಕೊಡುವುದಿಲ್ಲ.

ತೆರಿಗೆಯನ್ನೂ ಇಲ್ಲೇ ಮುಗಿಸಿಬಿಡಿ. ಒಬ್ಬರು ತೆರಿಗೆ ಸೇರಿಸಿ ತೋರಿಸುತ್ತಾರೆ, ಇನ್ನೊಬ್ಬರು ಹಣ ಕಟ್ಟುವ ಕೊನೆಯ ಪರದೆಯಲ್ಲಿ ಸೇರಿಸುತ್ತಾರೆ. ಎಲ್ಲ ದರಗಳನ್ನೂ ಆ ಕೊನೆಯ ಪರದೆಯವರೆಗೆ ಒಯ್ದು, ಅಲ್ಲಿನ ಮೊತ್ತವನ್ನೇ ಬರೆದುಕೊಳ್ಳಿ.

ಹಂತ 3: ಇಂಧನ ಯಾರದು, ಎಷ್ಟಕ್ಕೆ ವಾಪಸ್

ಕಾರಿನ ಮೈಲೇಜ್ ಲೀಟರಿಗೆ 16 ಕಿ.ಮೀ., ಪೆಟ್ರೋಲ್ 100 ರೂಪಾಯಿ ಎಂದು ಹಿಡಿದರೆ 880 ಕಿ.ಮೀ.ಗೆ 55 ಲೀಟರ್, 5,500 ರೂಪಾಯಿ. ಮೂರೂ ಒಂದೇ ಕಾರಾದರೆ ಈ ಖರ್ಚು ಎಲ್ಲದಕ್ಕೂ ಸಮ, ಹೋಲಿಕೆಯಲ್ಲಿ ಏನೂ ಬದಲಾಗದು. ವ್ಯತ್ಯಾಸ ಬರುವುದು ಇಂಧನ ಸೇರಿದ ಪ್ಯಾಕೇಜ್ ಎದುರಿಗೆ ಬಂದಾಗ. ಉದಾಹರಣೆಗೆ ಇಂಧನ ಸೇರಿ 400 ಕಿ.ಮೀ.ಗೆ 10,800 ರೂ., ಮೀರಿದರೆ ಕಿ.ಮೀ.ಗೆ 17 ರೂ. ಎಂಬ ದರ ಇದೆ ಎನ್ನೋಣ. 17 ರೂಪಾಯಿ ನೋಡಿದರೆ ಅಗ್ಗ ಅನಿಸುತ್ತದೆ, ಏಕೆಂದರೆ ಬೇರೆ ಕಡೆ 12 ರೂಪಾಯಿಗೆ ನಿಮ್ಮ ಪೆಟ್ರೋಲಿನ 6.25 ಸೇರಿದರೆ 18.25 ಆಗುತ್ತದೆ. ಆದರೆ ಪೂರ್ತಿ ಲೆಕ್ಕ ಹಾಕಿ: 880 ಕಿ.ಮೀ.ಗೆ ಇದು 18,960. ಎರಡನೆಯ ದರಕ್ಕೆ ಪೆಟ್ರೋಲ್ ಸೇರಿಸಿದರೆ 15,820. ಏರುದಾರಿ, ತುಂಬಿದ ಗಾಡಿ, ಸದಾ ಎ.ಸಿ. ಎಂದು ಮೈಲೇಜ್ 12.5ಕ್ಕೆ ಇಳಿದರೂ ಪೆಟ್ರೋಲಿಗೆ 7,040 ಆಗಿ ಒಟ್ಟು 17,360 ಬರುತ್ತದೆ. ಮೈಲೇಜ್ ಕಡಿಮೆಯಾದರೆ ನಷ್ಟ ಅವರದು ಎಂಬುದೇ ಇಂಧನ ಸೇರಿದ ಪ್ಯಾಕೇಜಿನ ನಿಜವಾದ ಅನುಕೂಲ. ಆ ನಿಶ್ಚಿಂತೆಗೆ ಇಲ್ಲಿ ಕೊಡುತ್ತಿರುವ ಬೆಲೆ ಹೆಚ್ಚು. ಇಂಥ ಪ್ಯಾಕೇಜಿನಲ್ಲಿ ನೀವೇ ಹಣ ಕೊಟ್ಟು ಆಮೇಲೆ ವಾಪಸ್ ಪಡೆಯುವ ಏರ್ಪಾಡಿದ್ದರೆ ಬಂಕಿನ ಪ್ರತಿ ಬಿಲ್ಲನ್ನೂ ಕೈಗೆ ಬಂದ ಕೂಡಲೇ ಫೋಟೊ ತೆಗೆದಿಡಿ. ಬಿಲ್ ಇಲ್ಲದ ಪೆಟ್ರೋಲಿಗೆ ಹಣ ಬರುವುದಿಲ್ಲ.

ಇಂಧನ ನಿಮ್ಮದೇ ಆದಾಗ ಎರಡು ಪದ್ಧತಿಗಳಿವೆ: ಟ್ಯಾಂಕ್ ತುಂಬಿ ಕೊಟ್ಟು ತುಂಬಿಯೇ ವಾಪಸ್ ಪಡೆಯುವುದು, ಇಲ್ಲವೇ ಎಷ್ಟಿತ್ತೋ ಅಷ್ಟಕ್ಕೇ ವಾಪಸ್ ಪಡೆಯುವುದು. ಆಯ್ಕೆ ಇದ್ದರೆ ಮೊದಲನೆಯದನ್ನೇ ಹಿಡಿಯಿರಿ, ಏಕೆಂದರೆ ಅದನ್ನು ಪರೀಕ್ಷಿಸಬಹುದು. ಕಾರು ತೆಗೆದುಕೊಂಡ ಕೂಡಲೇ ಹತ್ತಿರದ ಬಂಕಿಗೆ ಹೋಗಿ, ಪಂಪಿನ ನಾಜಲ್ ತಾನಾಗಿ ನಿಲ್ಲುವವರೆಗೆ ಹಾಕಿಸಿ. ಒಂದೆರಡು ಲೀಟರಿಗಿಂತ ಹೆಚ್ಚು ಹಿಡಿದರೆ ಟ್ಯಾಂಕ್ ತುಂಬಿರಲಿಲ್ಲ ಎಂದರ್ಥ. ಆ ಬಿಲ್ಲನ್ನು ಅಲ್ಲಿಂದಲೇ ಮಾಲೀಕರಿಗೆ ಕಳಿಸಿ. ವಾಪಸ್ ಕೊಡುವಾಗಲೂ ಅವರ ಜಾಗಕ್ಕೆ ಹತ್ತಿರದ ಬಂಕಿನಲ್ಲಿ, ನಾಜಲ್ ಮೊದಲ ಸಲ ನಿಂತಲ್ಲಿಗೆ ನಿಲ್ಲಿಸಿ.

ಎಷ್ಟಿತ್ತೋ ಅಷ್ಟಕ್ಕೆ ಎಂಬ ಪದ್ಧತಿಯಲ್ಲಿ ಅಳತೆಗೋಲು ಡ್ಯಾಶ್‌ಬೋರ್ಡಿನ ಗೆರೆಗಳು. 40 ಲೀಟರ್ ಟ್ಯಾಂಕಿಗೆ ಎಂಟು ಗೆರೆ ಇದ್ದರೆ ಒಂದು ಗೆರೆ ಸುಮಾರು 5 ಲೀಟರ್. ಮೂರು ಗೆರೆ ಎಂದು ನಿಮಗೆ ಕಾರು ಕೊಟ್ಟಾಗ, ಆ ಮೂರನೆಯ ಗೆರೆ ಈಗಷ್ಟೇ ಬಂದದ್ದೋ ಇನ್ನೇನು ಹೋಗುವುದರಲ್ಲಿದೆಯೋ ನೋಡಿ ಹೇಳಲಾಗದು. ಅದಕ್ಕೊಂದು ಉಪಾಯವಿದೆ. ಲೀಟರಿಗೆ 16ರ ಲೆಕ್ಕದಲ್ಲಿ ಒಂದು ಗೆರೆ ಸುಮಾರು 80 ಕಿ.ಮೀ. ಬರಬೇಕು. ಹೊರಟ ನಾಲ್ಕೈದು ಕಿಲೋಮೀಟರಿಗೇ ಮೂರು ಹೋಗಿ ಎರಡಾದರೆ, ಗಾಡಿ ನಿಲ್ಲಿಸಿ ಗೆರೆ ಮತ್ತು ಓಡೋಮೀಟರ್ ಎರಡೂ ಕಾಣುವಂತೆ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ, ಎರಡು ಗೆರೆಗೆ ವಾಪಸ್ ಕೊಡುವುದಾಗಿ ಒಪ್ಪಿಗೆ ಪಡೆಯಿರಿ. ಸಂಜೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಒಂದು ಗೆರೆ ಕಡಿಮೆ ಇಟ್ಟು ಕೊಟ್ಟರೆ 5 ಲೀಟರಿನ 500 ರೂಪಾಯಿಯ ಮೇಲೆ ಪೆಟ್ರೋಲ್ ತುಂಬಿಸುವ ಶುಲ್ಕವೂ ಬೀಳಬಹುದು. ಹೆಚ್ಚು ಇಟ್ಟು ಕೊಟ್ಟರೆ ಹಣ ವಾಪಸ್ ಬರುವುದು ಅಪರೂಪ.

ಹಂತ 4: ಡೆಪಾಸಿಟ್ ಖರ್ಚಲ್ಲ, ಆದರೂ ಅದಕ್ಕೊಂದು ಬೆಲೆಯಿದೆ

ವಾಪಸ್ ಬರುವ ಹಣವಾದ್ದರಿಂದ ಡೆಪಾಸಿಟ್ಟನ್ನು ಬಾಡಿಗೆಗೆ ಕೂಡಿಸಬೇಡಿ. ಪಕ್ಕದಲ್ಲಿ ಬೇರೆ ಸಾಲಿನಲ್ಲಿ ಬರೆದುಕೊಂಡು, ಅದನ್ನು ಹೇಗೆ ಹಿಡಿದಿಡುತ್ತಾರೆ ಎಂದು ಕೇಳಿ. ಕ್ರೆಡಿಟ್ ಕಾರ್ಡಿನಲ್ಲಿ ಹೋಲ್ಡ್ ಮಾಡಿದರೆ ಹಣ ನಿಮ್ಮಿಂದ ಹೋಗುವುದಿಲ್ಲ, ಕಾರ್ಡಿನ ಮಿತಿ ಅಷ್ಟು ಕಡಿಮೆಯಾಗುತ್ತದೆ. ಪ್ರಯಾಣದಲ್ಲಿ ಅದೇ ಕಾರ್ಡಿನಿಂದ ಹೋಟೆಲ್ ಬಿಲ್ ಕಟ್ಟುವ ಯೋಚನೆ ಇದ್ದರೆ ಎಚ್ಚರ. ಖಾತೆಯಿಂದ ಕಳಿಸಿದರೆ ಹಣ ನಿಜಕ್ಕೂ ಹೋಗಿರುತ್ತದೆ. ಅದು ಮರಳಲು ಅವರ ಪರಿಶೀಲನೆ ಮುಗಿಯಬೇಕು, ಆಮೇಲೆ ಬ್ಯಾಂಕಿನ ದಿನಗಳೂ ಕಳೆಯಬೇಕು.

ಇನ್ನು ಡೆಪಾಸಿಟ್ ಬೇಡ ಎನ್ನುವ ದರಗಳು. ಅವುಗಳಲ್ಲಿ ಅದರ ಬದಲು ವಾಪಸ್ ಬಾರದ ಶುಲ್ಕ ಇರುತ್ತದೆಯೇ ನೋಡಿ. 10,000 ರೂಪಾಯಿ ಡೆಪಾಸಿಟ್ ಇಡುವುದು ಒಂದು, 900 ರೂಪಾಯಿ ಕೊಟ್ಟು ಡೆಪಾಸಿಟ್ ತಪ್ಪಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಮೂರು ದಿನದ ಮಟ್ಟಿಗೆ 10,000 ರೂಪಾಯಿ ಸಾಲಕ್ಕೆ 900 ರೂಪಾಯಿ ಬಡ್ಡಿ ಕೊಟ್ಟಂತೆ. ಆ ಹಣ ಕೆಲವು ವಾರ ಇಲ್ಲದಿದ್ದರೂ ನಡೆಯುತ್ತದೆ ಎನ್ನುವವರು ಡೆಪಾಸಿಟ್ ಇಡುವುದೇ ಒಳ್ಳೆಯದು.

ಡೆಪಾಸಿಟ್ 10,000 ಇದ್ದರೆ ಏನಾದರೂ ನಾನು ಕೊಡುವುದು ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಡೆಪಾಸಿಟ್ ಎಂಬುದು ಅವರ ಕೈಯಲ್ಲಿ ಮೊದಲೇ ಇರುವ ಹಣ, ಅಷ್ಟೆ. ನಿಮ್ಮ ಹೊಣೆ ಎಷ್ಟರವರೆಗೆ ಎಂಬುದು ಕರಾರಿನ ಬೇರೆ ಷರತ್ತಿನಲ್ಲಿ ಇರುತ್ತದೆ.

ಹಂತ 5: ಹಾನಿಯ ಷರತ್ತನ್ನು ಒಂದು ಗೀರಿನ ಮೇಲೆ ಓಡಿಸಿ ನೋಡಿ

ಹಾನಿಯಾದರೆ ನೀವು ಗರಿಷ್ಠ 10,000 ರೂಪಾಯಿಯವರೆಗೆ ಹೊಣೆ ಎಂದು ಕರಾರಿನಲ್ಲಿದೆ ಎನ್ನೋಣ. 1,200 ರೂಪಾಯಿ ಹೆಚ್ಚು ಕೊಟ್ಟರೆ ಆ ಹೊಣೆ 2,000ಕ್ಕೆ ಇಳಿಯುತ್ತದೆ. ಪಾರ್ಕಿಂಗ್ ಮಾಡುವಾಗ ಹಿಂದಿನ ಬಂಪರ್ ಕಂಬಕ್ಕೆ ತಾಗಿ ಬಿರುಕು ಬಿಟ್ಟಿತು, ರಿಪೇರಿಗೆ 6,000. ಗಾಡಿ ಮೂರು ದಿನ ಗ್ಯಾರೇಜಿನಲ್ಲಿ.

ಹೆಚ್ಚಿನ ರಕ್ಷಣೆ ಕೊಳ್ಳದಿದ್ದರೆ 6,000 ಪೂರ್ತಿ ನಿಮ್ಮದು. ಕೊಂಡಿದ್ದರೆ 2,000. ಇಲ್ಲಿಗೇ ಮುಗಿದಿದ್ದರೆ ಸುಲಭವಿತ್ತು. ಗಾಡಿ ನಿಂತ ದಿನಗಳ ಬಾಡಿಗೆಯನ್ನೂ ನೀವೇ ಕೊಡಬೇಕೆಂಬ ಷರತ್ತು ಇದ್ದರೆ, ದಿನಕ್ಕೆ 2,800ರಂತೆ ಮೂರು ದಿನಕ್ಕೆ 8,400 ರೂಪಾಯಿ ಮೇಲೆ ಬರುತ್ತದೆ. ಆಗ ರಕ್ಷಣೆ ಇಲ್ಲದವರಿಗೆ 14,400, ಇದ್ದವರಿಗೂ 10,400. ರಿಪೇರಿಗಿಂತ ಗಾಡಿ ನಿಂತದ್ದೇ ಹೆಚ್ಚು ದುಬಾರಿ! ಆದ್ದರಿಂದ ಹೊಣೆಯ ಮಿತಿ ಎಷ್ಟು ಎಂದು ಕೇಳಿದ ಮರುಕ್ಷಣವೇ ಕೇಳಬೇಕಾದ ಪ್ರಶ್ನೆ ಇದು: ಗಾಡಿ ನಿಂತ ದಿನಗಳ ಬಾಡಿಗೆ ಈ ಮಿತಿಯೊಳಗೆ ಬರುತ್ತದೆಯೇ, ಹೊರಗೆಯೇ? ಹೊರಗೆ ಎಂದರೆ ಗರಿಷ್ಠ ಎಷ್ಟು ದಿನ? ಮಿತಿ ಒಂದು ಬುಕಿಂಗಿಗೋ ಒಂದೊಂದು ಘಟನೆಗೋ ಎಂಬುದೂ ಮುಖ್ಯ. ಮುಂದಿನ ಬಂಪರಿನ ಗೀರು, ಹಿಂದಿನ ಬಾಗಿಲಿನ ನೆಗ್ಗು ಎರಡೂ ಬೇರೆ ಬೇರೆ ಘಟನೆ ಎಂದು ಎಣಿಸಿದರೆ ಹೊಣೆ ಎರಡು ಪಟ್ಟಾಗುತ್ತದೆ.

1,200 ಕೊಡುವುದು ಸರಿಯೇ? ಆ ಹಣಕ್ಕೆ ಹೊಣೆ ಹೆಚ್ಚೆಂದರೆ 8,000 ಕಡಿಮೆಯಾಗುತ್ತದೆ. ಬರಿಯ ಲೆಕ್ಕದಲ್ಲಿ, ಸುಮಾರು ಏಳು ಪ್ರಯಾಣಕ್ಕೆ ಒಂದರಲ್ಲಿ ದೊಡ್ಡ ಹಾನಿ ಆಗುವುದಾದರೆ ಮಾತ್ರ ಅದು ಗಿಟ್ಟುತ್ತದೆ. ಕಾರಿನ ಅಳತೆ ಕೈಗೆ ಹತ್ತಿದ, ಪರಿಚಿತ ದಾರಿಯಲ್ಲಿ ಹೋಗುವ ಚಾಲಕರಿಗೆ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಹೊಸ ಮಾದರಿಯ ದೊಡ್ಡ ಗಾಡಿ, ಕಿರಿದಾದ ಓಣಿಗಳು, ರಾತ್ರಿ ಓಟ, ಅಥವಾ 10,000 ಒಮ್ಮೆಲೇ ಹೋದರೆ ಮನೆ ಖರ್ಚಿಗೆ ತೊಂದರೆ ಎಂಬ ಸ್ಥಿತಿ ಇದ್ದರೆ ಕೊಳ್ಳಿ.

ರಕ್ಷಣೆ ಕೊಂಡರೂ ಅದರಡಿ ಬರದ ಭಾಗಗಳ ಪಟ್ಟಿಯನ್ನು ಓದಲೇಬೇಕು. ಟೈರ್, ರಿಮ್, ಗಾಜು, ಸೈಡ್ ಮಿರರ್, ಗಾಡಿಯ ಅಡಿಭಾಗ, ಒಳಗಿನ ಸೀಟು, ಕೀಲಿ, ಕ್ಲಚ್ ಇವುಗಳಲ್ಲಿ ಹಲವು ಹೊರಗೇ ಇರುತ್ತವೆ. ಕ್ಲಚ್ ಯಾಕೆ ಎಂದರೆ, ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಅರ್ಧ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಅದನ್ನು ಬೇಗ ಸುಟ್ಟುಹಾಕುತ್ತದೆ, ಅದು ಅಪಘಾತ ಎನಿಸುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿಗೆ ನೀರು ಸೇರಿದ್ದಾಗ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ಎಂಜಿನ್ ಖರ್ಚನ್ನು ಚಾಲಕರ ತಪ್ಪು ಎಂದು ನಿಮ್ಮ ಮೇಲೆ ಹಾಕಬಹುದು. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸುವುದು, ಕರಾರಿನಲ್ಲಿ ಹೆಸರಿಲ್ಲದವರಿಗೆ ಸ್ಟಿಯರಿಂಗ್ ಕೊಡುವುದು ಇವೂ ಅದೇ ಗುಂಪು.

ಹಂತ 6: ಕಾರು ಕೈಗೆ ಬಂದಾಗ ಮತ್ತು ಕೊಡುವಾಗ

ಮೇಲಿನ ಲೆಕ್ಕವೆಲ್ಲ ನಿಲ್ಲುವುದು ನಿಮ್ಮ ಬಳಿ ಇರುವ ಚಿತ್ರಗಳ ಮೇಲೆ. ಬಿಡಿ ಫೋಟೊಗಳಿಗಿಂತ ತುಂಡರಿಸದ ಒಂದೇ ವಿಡಿಯೊ ಮೇಲು. ನಂಬರ್ ಪ್ಲೇಟಿನಿಂದ ಶುರು ಮಾಡಿ, ಗಾಡಿಯನ್ನು ಒಂದು ಸುತ್ತು ಹಾಕಿ, ಕೊನೆಗೆ ಒಳಗೆ ಕೂತು ಓಡೋಮೀಟರ್ ಮತ್ತು ಇಂಧನದ ಗೆರೆ ತೋರಿಸಿ ಮುಗಿಸಿ. ಆಗಷ್ಟೇ ತೊಳೆದು ಒದ್ದೆಯಾಗಿರುವ ಗಾಡಿಯಲ್ಲಿ ಸಣ್ಣ ಗೀರುಗಳು ಕಾಣುವುದಿಲ್ಲ, ಬಟ್ಟೆಯಿಂದ ಒರೆಸಿ ಆಮೇಲೆ ತೆಗೆಯಿರಿ. ಮುಂದಿನ ಬಂಪರಿನ ಕೆಳ ಅಂಚನ್ನು ನಿಂತು ನೋಡಿದರೆ ಏನೂ ಸಿಗದು. ಮೊಣಕಾಲೂರಿ, ಫೋನನ್ನು ನೆಲಕ್ಕೆ ಹತ್ತಿರ ಹಿಡಿದು ತೆಗೆಯಬೇಕು, ಏಕೆಂದರೆ ಹಂಪ್‌ಗಳಿಗೆ ಉಜ್ಜಿದ ಗುರುತುಗಳೆಲ್ಲ ಅಲ್ಲೇ ಇರುತ್ತವೆ. ನಾಲ್ಕು ರಿಮ್‌ಗಳ ಅಂಚು, ಟೈರಿನ ಪಕ್ಕದ ಉಬ್ಬು ಅಥವಾ ಸೀಳು, ಗಾಜಿನ ಮೇಲೆ ಕಲ್ಲು ಬಡಿದ ಚುಕ್ಕೆ, ಡಿಕ್ಕಿಯಲ್ಲಿ ಸ್ಟೆಪ್ನಿ ಮತ್ತು ಜಾಕ್ ಇವನ್ನು ಹತ್ತಿರದಿಂದ ತೋರಿಸಿ. ವಿಡಿಯೊ ನಿಮ್ಮ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು. ಗಾಡಿ ಹೊರಡುವ ಮೊದಲೇ ಅವರಿಗೆ ಕಳಿಸಿ, ಕಂಡ ಗುರುತುಗಳನ್ನು ಅವರ ಹಾಳೆಯಲ್ಲೋ ಆ್ಯಪಿನಲ್ಲೋ ಬರೆಸಿ.

ವಾಪಸ್ ಕೊಡುವಾಗಲೂ ಅದೇ ಕ್ರಮದಲ್ಲಿ ಇನ್ನೊಂದು ವಿಡಿಯೊ. ಸಾಧ್ಯವಾದರೆ ಹಗಲಿನಲ್ಲಿ, ಅವರ ಕಡೆಯವರು ಎದುರಿಗಿದ್ದಾಗಲೇ ಕೊಡಿ. ಕತ್ತಲಲ್ಲಿ ನಿಲ್ಲಿಸಿ ಕೀಲಿ ಪೆಟ್ಟಿಗೆಗೆ ಹಾಕಿ ಹೋದ ಗಾಡಿಗೆ ಬೆಳಿಗ್ಗೆ ಸಿಕ್ಕ ಗೀರು ಯಾರದೆಂದು ತೀರ್ಮಾನಿಸುವುದು ಕಷ್ಟ. ತಡವಾಗುವಂತಿದ್ದರೆ ಅವಧಿ ಮುಗಿಯುವ ಮೊದಲೇ ಆ್ಯಪಿನಲ್ಲಿ ಸಮಯ ವಿಸ್ತರಿಸಿ. ವಿಸ್ತರಿಸಿದ ಗಂಟೆಗೆ ಸಾಮಾನ್ಯ ದರ ಬೀಳುತ್ತದೆ, ಹೇಳದೆ ತಡ ಮಾಡಿದ ಗಂಟೆಗೆ ದಂಡದ ದರ.

ಡೆಪಾಸಿಟ್ಟಿನಿಂದ ಏನಾದರೂ ಕಳೆದಿದ್ದರೆ ಒಟ್ಟು ಮೊತ್ತವನ್ನು ಒಪ್ಪಿಕೊಳ್ಳದೆ ಬಿಡಿಬಿಡಿಯಾಗಿ ವಿವರ ಕೇಳಿ: ಹೆಚ್ಚುವರಿ ಕಿಲೋಮೀಟರ್ ಎಷ್ಟು, ಯಾವ ದರದಲ್ಲಿ, ಇಂಧನ ಎಷ್ಟು ಲೀಟರ್, ಹಾನಿಯಾದರೆ ಗ್ಯಾರೇಜಿನ ಬಿಲ್ ಮತ್ತು ಗಾಡಿ ಒಳಗೆ ಹೋದ, ಹೊರಗೆ ಬಂದ ದಿನಾಂಕ, ಟೋಲ್ ಅಥವಾ ಸಂಚಾರ ದಂಡವಾದರೆ ಅದರ ಸಮಯ. ಸಂಚಾರ ದಂಡ ನೀವು ಕಾರು ಕೊಟ್ಟು ಕೆಲವು ವಾರಗಳ ಮೇಲೂ ಬರಬಹುದು. ಅದರಲ್ಲಿ ನಮೂದಾದ ಸಮಯಕ್ಕೆ ಗಾಡಿ ನಿಮ್ಮ ಬಳಿ ಇತ್ತೇ ಎಂದು ಬುಕಿಂಗಿನ ಜೊತೆ ತಾಳೆ ನೋಡಿ. ಅದಕ್ಕಾಗಿ ಎರಡೂ ವಿಡಿಯೊಗಳನ್ನು, ಬಂಕಿನ ಬಿಲ್ಲುಗಳನ್ನು, ಕರಾರಿನ ಪ್ರತಿಯನ್ನು ಕನಿಷ್ಠ ಮೂರು ತಿಂಗಳು ಅಳಿಸದೆ ಇಟ್ಟುಕೊಳ್ಳಿ.